ಒಂದು ನೀಲಿ ಡ್ರಮ್, ಆರು ಸೆಕೆಂಡ್: ಮೊದಲ ಶೋರೀಲ್‌ಗೆ ಇಷ್ಟು ಸಾಕು

ಪ್ರಶ್ನೆ: ಮೇಡಂ, ನಾನು ಉಡುಪಿಯಲ್ಲಿ ಬಿಕಾಂ ಕೊನೇ ವರ್ಷದಲ್ಲಿದ್ದೇನೆ. ಎರಡು ವರ್ಷದಿಂದ ಮನೆಯಲ್ಲೇ ಬ್ಲೆಂಡರ್ ಕಲಿತಿದ್ದೇನೆ. ಮೂರೂವರೆ ನಿಮಿಷದ ಶೋರೀಲ್ ಮಾಡಿ 11 ಸ್ಟುಡಿಯೋಗಳಿಗೆ ಕಳಿಸಿದೆ, ಒಂದು ಕಡೆಯಿಂದಲೂ ಉತ್ತರ ಬಂದಿಲ್ಲ. ನಿಜವಾದ ವಿಡಿಯೋದಲ್ಲಿ ಸಿಜಿ ವಸ್ತು ಕೂರಿಸುವ ಕೆಲಸ ನನಗೆ ತುಂಬಾ ಇಷ್ಟ. ರೀಲ್‌ನಲ್ಲಿ ಏನಿಡಬೇಕು? ಅಪ್ಪ ಬೆಂಗಳೂರಿನ ಕೋರ್ಸಿಗೆ ಸಾಲ ಮಾಡ್ತೇನೆ ಅಂತಿದ್ದಾರೆ. ಅದು ಬೇಕಾ? ಲಿಂಕ್ ಕಳಿಸಿದ್ದೇನೆ.

ಉತ್ತರ: ನಿಮ್ಮ ರೀಲ್ ನೋಡಿದೆ. ಪೂರ್ತಿ, ಎರಡು ಸಲ. ಮೊದಲು ತಿರುಗುವ ಲೋಗೋ, ಆಮೇಲೆ ಡೋನಟ್, ಆಮೇಲೆ ನಡೆಯುವ ಒಬ್ಬ ಹುಡುಗ, ಆಮೇಲೆ ಕಾರು. 2 ನಿಮಿಷ 40 ಸೆಕೆಂಡ್ ಕಳೆದ ಮೇಲೆ ಮಲ್ಪೆ ಬೀಚಿನಲ್ಲಿ ನಿಂತ ರೋಬೋಟ್. ನಿಮಗೆ ಇಷ್ಟ ಅಂತ ಬರೆದಿರೋ ಕೆಲಸ ಅದೊಂದೇ. ಅಲ್ಲಿಯವರೆಗೆ ಸ್ಟುಡಿಯೋದಲ್ಲಿ ಯಾರೂ ನೋಡಿರೋದಿಲ್ಲ.

ಸ್ಟುಡಿಯೋಗಳು 'ಅನಿಮೇಷನ್ ಗೊತ್ತಿರುವವರು ಬೇಕು' ಅಂತ ಹುಡುಕೋದಿಲ್ಲ. ಇಂಥ ವಿಭಾಗಕ್ಕೆ ಇಬ್ಬರು ಬೇಕು ಅಂತ ಹುಡುಕುತ್ತವೆ. ರೀಲ್ ನೋಡುವವರು ಆ ವಿಭಾಗದ ಲೀಡ್. ಕ್ಯಾರೆಕ್ಟರ್ ಅನಿಮೇಷನ್ ಲೀಡ್‌ಗೆ ನಡಿಗೆ, ಜಿಗಿತ, ಭಾರ ಎತ್ತೋದು ಕಂಡರೆ ಸಾಕು. ಬೂದು ಬಣ್ಣದ ಗೊಂಬೆಯಾದರೂ ನಡೆಯುತ್ತೆ, ಲೈಟಿಂಗ್ ಬೇಡ. ಗೇಮ್ ಕಂಪನಿಗೆ ವಿಡಿಯೋಗಿಂತ ಆಡಿ ನೋಡಬಹುದಾದ ಒಂದು ಚಿಕ್ಕ ಗೇಮ್ ಕೊಡೋದು ಒಳ್ಳೇದು. ನಮ್ಮ ಉಡುಪಿಯಲ್ಲೇ 99ಗೇಮ್ಸ್ ಇದೆ, ಸ್ಟಾರ್ ಶೆಫ್ ಮಾಡಿದವರು. ಅಂಥ ಕಡೆ ಗೇಮ್ ಡಿಸೈನ್ ಕೆಲಸ ಕೇಳುವುದಾದರೆ ಆಟ ಹೇಗೆ ಕಷ್ಟವಾಗುತ್ತಾ ಹೋಗುತ್ತೆ ಅನ್ನೋದನ್ನು ತೋರಿಸಬೇಕು. ಚಂದದ ರೆಂಡರ್ ಅಲ್ಲಿ ಉಪಯೋಗಕ್ಕೆ ಬರೋದಿಲ್ಲ. ನಿಮ್ಮ ದಾರಿ ಇದ್ಯಾವುದೂ ಅಲ್ಲ, ವಿಎಫ್‌ಎಕ್ಸ್. ಹಾಗಾಗಿ ಮುಂದೆ ಅದರ ಬಗ್ಗೆ ಮಾತ್ರ ಬರೆಯುತ್ತೇನೆ.

ವಿಎಫ್‌ಎಕ್ಸ್‌ನಲ್ಲಿ ಹೊಸಬರು ಒಳಗೆ ಬರೋದು ಸಾಮಾನ್ಯವಾಗಿ ಮೂರು ಬಾಗಿಲಿಂದ. ಒಂದು ರೋಟೋ, ಅಂದರೆ ಮನುಷ್ಯರ, ವಸ್ತುಗಳ ಅಂಚನ್ನು ಫ್ರೇಮ್ ಫ್ರೇಮಿಗೂ ಗೆರೆ ಎಳೆದು ಬಿಡಿಸೋದು. ಇನ್ನೊಂದು ಪೇಂಟ್ ಅಥವಾ ಪ್ರೆಪ್, ಅಂದರೆ ಬೇಡದ ತಂತಿ, ಕಂಬ, ಹಗ್ಗ ಅಳಿಸೋದು. ಮೂರನೆಯದು ಮ್ಯಾಚ್‌ಮೂವ್, ಅಂದರೆ ಶೂಟ್ ಮಾಡಿದ ಕ್ಯಾಮೆರಾ ಎಲ್ಲೆಲ್ಲಿ ಚಲಿಸಿತು ಅಂತ ಕಂಡುಹಿಡಿದು ಕಂಪ್ಯೂಟರಿನೊಳಗೆ ಅದೇ ಕ್ಯಾಮೆರಾ ಕಟ್ಟೋದು. ಇವುಗಳಲ್ಲಿ ಒಂದೆರಡು ವರ್ಷ ಕೈ ಪಳಗಿದ ಮೇಲೆ ಕಾಂಪ್‌ಗೆ ಹೋಗಬಹುದು. ಕೂರಿಸುವ ಕೆಲಸ ನಡೆಯೋದು ಅಲ್ಲೇ. 2025ರಲ್ಲಿ ಟೆಕ್ನಿಕಲರ್ ಸಮೂಹ ಕುಸಿದು ಅದರ ಬೆಂಗಳೂರು ಸ್ಟುಡಿಯೋ ಮುಚ್ಚಿತು, ಅನುಭವ ಇದ್ದವರೇ ದೊಡ್ಡ ಸಂಖ್ಯೆಯಲ್ಲಿ ಕೆಲಸ ಹುಡುಕುವಂತಾಯ್ತು. ಹಾಗಾಗಿ ನೇರ ಕಾಂಪ್ ಕುರ್ಚಿ ಕೇಳಿದರೆ ನೀವು ಅಂಥವರ ಜೊತೆ ಪೈಪೋಟಿಗೆ ಇಳಿದಂತೆ. ರೀಲ್ ಮೇಲೆ 'ಮ್ಯಾಚ್‌ಮೂವ್ ಮತ್ತು ಪ್ರೆಪ್, ಜೂನಿಯರ್' ಅಂತ ಹಾಕಿ. ಆದರೆ ಶಾಟ್ ಮಾತ್ರ ಕೊನೇವರೆಗೂ ಮುಗಿಸಿದ್ದಿರಲಿ. ಅದನ್ನು ನೋಡಿದ ಲೀಡ್‌ಗೆ ಈ ಹುಡುಗನಿಗೆ ಮುಂದಿನ ವಿಭಾಗದ ಕಷ್ಟವೂ ಗೊತ್ತು ಅಂತ ಅರ್ಥವಾಗುತ್ತೆ.

ಈಗ ಒಂದು ಶಾಟ್ ಮಾಡೋಣ. ರೋಬೋಟ್ ಬಿಡಿ. ನಿಜವಾದ ರೋಬೋಟ್ ಬಿಸಿಲಲ್ಲಿ ನಿಂತರೆ ಹೇಗೆ ಕಾಣುತ್ತೆ ಅಂತ ನಿಮಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ತಪ್ಪಾದರೆ ಎಲ್ಲಿ ತಪ್ಪಾಯ್ತು ಅಂತ ಹೇಳೋದು ಕಷ್ಟ. ಮಲ್ಪೆ ದಕ್ಕೆಗೆ ಹೋದರೆ ಅಲ್ಲಿ ಇಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ ಇಟ್ಟಿರ್ತಾರಲ್ವಾ? ಅಂಥ ಒಂದು ನಿಜವಾದ ಡ್ರಮ್ ಫ್ರೇಮಿನಲ್ಲಿ ಇರುವ ಹಾಗೆ ಶೂಟ್ ಮಾಡಿ. ಅದರ ಪಕ್ಕದಲ್ಲಿ ನಿಮ್ಮ ಸಿಜಿ ಡ್ರಮ್ ಕೂರಿಸಿ. ನೆರಳು ಎಷ್ಟು ಕಪ್ಪಿರಬೇಕು, ಅಂಚು ಎಷ್ಟು ಮೆತ್ತಗಿರಬೇಕು, ಹೊಳಪು ಎಲ್ಲಿ ಬೀಳಬೇಕು, ಇದೆಲ್ಲಕ್ಕೂ ಉತ್ತರ ಅದೇ ಫ್ರೇಮಿನಲ್ಲಿ ಇರುತ್ತೆ. ಯಾವುದು ನಿಜ, ಯಾವುದು ಸಿಜಿ ಅಂತ ಲೀಡ್ ಒಂದು ಕ್ಷಣ ತಡವರಿಸಿದರೆ ಶಾಟ್ ಗೆದ್ದಿದೆ.

ಹೋಗೋದು ಏಲಂ ಮುಗಿದು ಗದ್ದಲ ಇಳಿದ ಮೇಲೆ. ಅಲ್ಲಿ ಕೆಲಸ ಮಾಡ್ತಿರುವವರನ್ನು ಕೇಳಿಯೇ ಶೂಟ್ ಮಾಡಿ. ಫೋನಿನ ಕ್ಯಾಮೆರಾ ಸಾಕು, ಆದರೆ ಅದರ ಜಾಣತನವನ್ನೆಲ್ಲ ಮೊದಲು ಆಫ್ ಮಾಡಬೇಕು. ಸ್ಟೆಬಿಲೈಸೇಷನ್ ಆಫ್. ಅದು ಆನ್ ಇದ್ದರೆ ಫೋನ್ ಪ್ರತಿ ಫ್ರೇಮನ್ನೂ ತನಗೆ ಬೇಕಾದಂತೆ ಸರಿಸಿ ಕತ್ತರಿಸುತ್ತೆ. ಆಮೇಲೆ ಆ ಚಲನೆಗೆ ಸರಿಹೊಂದುವ ನಿಜವಾದ ಕ್ಯಾಮೆರಾನೇ ಇರೋದಿಲ್ಲ. ಎಚ್‌ಡಿಆರ್ ವಿಡಿಯೋ ಆಫ್. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರೂ ಲಾಕ್. ಜೂಮ್ ಬೇಡ, ಫೋನ್ ಅಡ್ಡ ಹಿಡಿಯಿರಿ, 30 ಫ್ರೇಮ್.

ಇನ್ನು ಕ್ಯಾಮೆರಾ ಚಲನೆ. ನಿಂತಲ್ಲೇ ನಿಂತು ಫೋನ್ ತಿರುಗಿಸಬೇಡಿ. ಹಾಗೆ ಮಾಡಿದರೆ ಹತ್ತಿರದ ವಸ್ತು ಯಾವುದು, ದೂರದ್ದು ಯಾವುದು ಅಂತ ಸಾಫ್ಟ್‌ವೇರ್‌ಗೆ ಗೊತ್ತಾಗೋದಿಲ್ಲ. ಏಡಿ ನಡೆದ ಹಾಗೆ ಪಕ್ಕಕ್ಕೆ ನಾಲ್ಕು ಹೆಜ್ಜೆ ಇಡಿ, ಆರು ಸೆಕೆಂಡಿನಲ್ಲಿ ಸುಮಾರು ಒಂದೂವರೆ ಮೀಟರ್. ಹತ್ತಿರದ ಡ್ರಮ್ ಬೇಗ ಸರಿಯಬೇಕು, ಹಿಂದಿನ ಬೋಟುಗಳು ನಿಧಾನ ಸರಿಯಬೇಕು. ಆಳ ಸಿಗೋದು ಆ ವ್ಯತ್ಯಾಸದಿಂದಲೇ.

ಹೊರಡುವ ಮೊದಲು ಟೇಪ್ ಹಿಡಿದು ಮೂರು ಅಳತೆ ಬರೆದುಕೊಳ್ಳಿ: ಡ್ರಮ್ಮಿನ ಎತ್ತರ, ಅದರ ನೆರಳಿನ ಉದ್ದ, ನೆಲದಿಂದ ಫೋನಿನ ಎತ್ತರ. ಡ್ರಮ್ಮಿನ ನಾಲ್ಕೂ ಬದಿಯ ಫೋಟೋ ತೆಗೆಯಿರಿ. ಗೀಚು, ಉಪ್ಪಿನ ಬಿಳಿ ಕಲೆ, ಬುಡದ ಕೆಸರು ಎಲ್ಲ ಬರಲಿ. ಮನೆಗೆ ಬಂದ ಮೇಲೆ ಈ ಎರಡು ಸಾಲು:

```
mkdir plate
ffmpeg -i malpe.mp4 -t 6 -vf fps=30 -start_number 1001 plate/malpe.%04d.png
```

ಫೋನ್ 30 ಅಂತ ಹೇಳಿದರೂ ಒಮ್ಮೆ 29, ಒಮ್ಮೆ 31 ಅಂತ ವೇಗ ಬದಲಿಸುತ್ತಾ ಇರುತ್ತೆ. ಹಾಗೇ ತೆಗೆದುಕೊಂಡರೆ ಟ್ರ್ಯಾಕ್ ಮತ್ತು ಚಿತ್ರ ನಡುವೆ ಎಲ್ಲೋ ಒಂದು ಫ್ರೇಮ್ ತಪ್ಪಿಹೋಗುತ್ತೆ. ಬಿಡಿ ಚಿತ್ರ ಮಾಡಿಕೊಂಡರೆ ಆ ಗೊಂದಲ ಇರೋದಿಲ್ಲ. `malpe.1001.png` ಇಂದ `malpe.1180.png` ವರೆಗೆ 180 ಚಿತ್ರ ಸಿಗುತ್ತೆ. ಸ್ಟುಡಿಯೋಗಳಲ್ಲಿ 1001ರಿಂದ ಎಣಿಸೋದು ರೂಢಿ. ಬ್ಲೆಂಡರ್ ಸೀನಿನ ವೇಗವನ್ನೂ 24ರಿಂದ 30ಕ್ಕೆ ಬದಲಿಸೋದು ಮರೆಯಬೇಡಿ.

ಟ್ರ್ಯಾಕಿಂಗ್‌ನಲ್ಲಿ, ಅಂದರೆ ಚಿತ್ರದ ಕೆಲವು ಬಿಂದುಗಳನ್ನು ಫ್ರೇಮ್ ಫ್ರೇಮಿಗೂ ಹಿಂಬಾಲಿಸೋದರಲ್ಲಿ, ಎಲ್ಲರೂ ಎಡವೋದು ಬಿಂದು ಆರಿಸುವಾಗ. ನೀರು ಬೇಡ ಅಂತ ನಿಮಗೂ ಗೊತ್ತು. ಬೋಟೂ ಬೇಡ, ಕಟ್ಟಿ ಹಾಕಿದ್ದರೂ ಅದು ಮೆಲ್ಲಗೆ ತೂಗುತ್ತಾ ಇರುತ್ತೆ. ಒದ್ದೆ ನೆಲದ ಹೊಳಪು ಬೇಡ, ನೀವು ಸರಿದ ಹಾಗೆ ಅದೂ ಸರಿಯುತ್ತೆ. ಇನ್ನೊಂದು ಜಾತಿಯ ಬಿಂದು ಇದೆ, ಅದು ಚೆನ್ನಾಗಿ ಮೋಸ ಮಾಡುತ್ತೆ. ಹತ್ತಿರದ ಹಗ್ಗ ದೂರದ ಕಂಬವನ್ನು ಅಡ್ಡ ಹಾಯುವ ಜಾಗ ಚಿತ್ರದಲ್ಲಿ ಒಳ್ಳೇ ಮೂಲೆಯ ಹಾಗೆ ಕಾಣುತ್ತೆ. ಟ್ರ್ಯಾಕರ್ ಗಟ್ಟಿಯಾಗಿ ಹಿಡಿದುಕೊಳ್ಳುತ್ತೆ. ಆದರೆ ಆ ಮೂಲೆ ನಿಜ ಲೋಕದಲ್ಲಿ ಇಲ್ಲವೇ ಇಲ್ಲ. ಕಾಂಕ್ರೀಟಿನ ಬಿರುಕು, ಹಗ್ಗ ಕಟ್ಟುವ ಗೂಟದ ಬುಡ, ನೆಲದ ಬಣ್ಣದ ಗುರುತು, ಹಿಂದಿನ ಕಟ್ಟಡದ ಕಿಟಕಿ ಮೂಲೆ, ಇಂಥವು ಒಳ್ಳೇದು. ಬ್ಲೆಂಡರ್ ಕನಿಷ್ಠ ಎಂಟು ಕೇಳುತ್ತೆ. ನೀವು ಇಪ್ಪತ್ತರ ಆಸುಪಾಸು ಇಡಿ. ಹತ್ತಿರ, ನಡುವೆ, ದೂರ, ಮೂರೂ ಕಡೆ ಹಂಚಿರಲಿ.

ಸಾಲ್ವ್ ಮಾಡಿದಾಗ, ಅಂದರೆ ಆ ಬಿಂದುಗಳಿಂದ ಕ್ಯಾಮೆರಾ ಚಲನೆಯನ್ನು ಲೆಕ್ಕ ಹಾಕಿಸಿದಾಗ, `Solve Error` ಅಂತ ಒಂದು ಸಂಖ್ಯೆ ಬರುತ್ತೆ, ಪಿಕ್ಸೆಲ್ ಲೆಕ್ಕದಲ್ಲಿ. 1ಕ್ಕಿಂತ ಕಮ್ಮಿ ಇದ್ದರೆ ಮುಂದುವರಿಯಬಹುದು, 0.3ರ ಹತ್ತಿರ ಬಂದರೆ ಚೆನ್ನಾಗಿದೆ. ಆದರೆ ಆ ಸಂಖ್ಯೆಯನ್ನೇ ನಂಬಿ ಕೂರಬೇಡಿ. ಕಷ್ಟದ ಬಿಂದುಗಳನ್ನೆಲ್ಲ ಅಳಿಸಿದರೆ ಸಂಖ್ಯೆ ಸುಮ್ನೆ ಇಳಿಯುತ್ತೆ, ಕ್ಯಾಮೆರಾ ಮಾತ್ರ ತಪ್ಪಾಗೇ ಇರುತ್ತೆ. ಪರೀಕ್ಷೆ ಬೇರೆ ಇದೆ. ನೆಲದ ಮೇಲೆ ಬಿರುಕಿನ ತುದಿಗೆ ಸರಿಯಾಗಿ ಒಂದು ಚಿಕ್ಕ ಶಂಕು ನಿಲ್ಲಿಸಿ. ಹಿಂದೆ ಗೋಡೆಯ ಬುಡದಲ್ಲಿ ಇನ್ನೊಂದು. ವಿಡಿಯೋ ಓಡಿಸಿ, ಚಿತ್ರವನ್ನು ದೊಡ್ಡದು ಮಾಡಿ, ಶಂಕುವಿನ ಬುಡವನ್ನೇ ನೋಡಿ. ಬಿರುಕಿನಿಂದ ಒಂದು ಕೂದಲೆಳೆ ಸರಿದರೂ ಟ್ರ್ಯಾಕ್ ಸ್ಲೈಡ್ ಆಗ್ತಿದೆ ಅಂತ ಅರ್ಥ. ನಿಮ್ಮ ರೋಬೋಟ್‌ನ ಎಡಗಾಲು ಹೀಗೇ ಸರಿಯುತ್ತೆ, ಗಮನಿಸಿ. ಕೊನೆಗೆ ನಿಜವಾದ ಡ್ರಮ್ಮಿನ ಅಳತೆಯ ಒಂದು ಸಿಲಿಂಡರ್ ಅದರ ಮೇಲೇ ಇಟ್ಟು ನೋಡಿ. ಮೊದಲ ಫ್ರೇಮಿನಲ್ಲೂ ಕೊನೇ ಫ್ರೇಮಿನಲ್ಲೂ ಅಂಚು ಕೂಡಿದರೆ ಅಳತೆ, ಲೆನ್ಸ್ ಎರಡೂ ಸರಿ.

ಬೆಳಕಿಗೆ ನೀವು ಬರೆದುಕೊಂಡ ನೆರಳು ಬೇಕು. ಡ್ರಮ್ 90 ಸೆಂಟಿಮೀಟರ್, ನೆರಳು 130 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. 90ನ್ನು 130ರಿಂದ ಭಾಗಿಸಿ, ಕ್ಯಾಲ್ಕುಲೇಟರ್‌ನಲ್ಲಿ tan⁻¹ ಒತ್ತಿ. ಸುಮಾರು 35 ಡಿಗ್ರಿ ಬರುತ್ತೆ. ಸೂರ್ಯ ಅಷ್ಟು ಎತ್ತರದಲ್ಲಿದ್ದ. ಬ್ಲೆಂಡರ್‌ನ `Sun` ಲೈಟನ್ನು ಆ ಕೋನಕ್ಕೆ ಇಟ್ಟು, ಸಿಲಿಂಡರಿನ ನೆರಳು ನಿಜವಾದ ನೆರಳಿನ ಮೇಲೆ ಬೀಳುವವರೆಗೆ ಸುತ್ತ ತಿರುಗಿಸಿ. ಅದರ `Angle` ಅರ್ಧ ಡಿಗ್ರಿಯಷ್ಟೇ ಇರಲಿ, ಆಕಾಶದಲ್ಲಿ ಸೂರ್ಯ ಕಾಣೋದೂ ಅಷ್ಟೇ ಅಗಲ. ಆಗ ನೆರಳು ಬುಡದಲ್ಲಿ ಚೂಪಾಗಿ, ತುದಿಯಲ್ಲಿ ಸ್ವಲ್ಪ ಮೆತ್ತಗೆ ಬರುತ್ತೆ. ಪಕ್ಕದಲ್ಲಿ ಕೆಂಪು ಬಣ್ಣ ಬಳಿದ ಬೋಟ್ ಇದ್ದರೆ ಅದೇ ಬಣ್ಣದ ಒಂದು ಹಲಗೆ ಆ ಜಾಗದಲ್ಲಿ ನಿಲ್ಲಿಸಿ. ನಿಜವಾದ ಡ್ರಮ್ಮಿನ ಆ ಬದಿಯಲ್ಲಿ ತೆಳುವಾಗಿ ಕೆಂಪು ಬಿದ್ದಿರೋದು ಹತ್ತಿರದಿಂದ ನೋಡಿದರೆ ಕಾಣುತ್ತೆ.

ಈಗ ಕಾಂಪ್. ಮೊದಲ ಕೆಲಸ, `View Transform` ಅನ್ನು `Standard`ಗೆ ತನ್ನಿ. ಬ್ಲೆಂಡರ್ ಮೊದಲಿಂದ ಇಟ್ಟಿರುವ ಆಯ್ಕೆ ಪೂರ್ತಿ ಸಿಜಿ ಚಿತ್ರಕ್ಕೆ ಒಳ್ಳೇದು. ಆದರೆ ಫೋನಿನ ವಿಡಿಯೋ ಮೇಲೆ ಅದು ಇನ್ನೊಂದು ಪದರ ಬಣ್ಣ ಬಳಿದಂತೆ ಆಗುತ್ತೆ. ನಿಮ್ಮ ರೀಲ್‌ನಲ್ಲಿ ಮಲ್ಪೆಯ ಆಕಾಶ ಮಾಸಿದ ಹಾಗೆ ಕಾಣೋದು ಬಹುಶಃ ಇದೇ ಕಾರಣಕ್ಕೆ.

ಆಮೇಲೆ ಕಪ್ಪು. ಈ ಪಾಠ ನಾನು ಕಲಿತದ್ದು ಒಂದು ಇಂಟರ್‌ವ್ಯೂನಲ್ಲಿ. ಬೆಂಗಳೂರಿನ ಒಂದು ಸ್ಟುಡಿಯೋ. ಲೀಡ್ ನನ್ನ ಶಾಟ್ ಒಂದು ಸಲ ನೋಡಿದರು, ಏನೂ ಹೇಳಲಿಲ್ಲ. ಸ್ಕ್ರೀನಿನ ಗಾಮಾ ಎರಡು ಪಟ್ಟು ಏರಿಸಿದರು. ಇಡೀ ಚಿತ್ರ ಬೆಳ್ಳಗಾಯ್ತು, ನಾನಿಟ್ಟ ಸಿಜಿ ಪೆಟ್ಟಿಗೆಯ ಒಳಗಿನ ಕತ್ತಲು ಮಾತ್ರ ಕಪ್ಪು ತೂತಿನ ಹಾಗೆ ಉಳಿಯಿತು. "ನಿಮ್ಮ ಕಪ್ಪು ಈ ಜಾಗದ ಕಪ್ಪಲ್ಲ" ಅಂದರು. ಕೆಲಸ ಸಿಗಲಿಲ್ಲ. ಆ ಮಾತು ಇವತ್ತಿಗೂ ನನ್ನ ಕೆಲಸ ಕಾಯುತ್ತಿದೆ. ಸಮುದ್ರದ ಬದಿಯ ಗಾಳಿಯಲ್ಲಿ ತೇವ ಜಾಸ್ತಿ, ಲೆನ್ಸಿನೊಳಗೂ ಬೆಳಕು ಚದುರುತ್ತೆ. ಹಾಗಾಗಿ ಬಿಸಿಲಿನ ಚಿತ್ರದಲ್ಲಿ ಪೂರ್ತಿ ಸೊನ್ನೆಯ ಕಪ್ಪು ಸಿಗೋದು ಅಪರೂಪ. ನಿಜವಾದ ಡ್ರಮ್ಮಿನ ಅತಿ ಕಪ್ಪು ಜಾಗದ ಬಣ್ಣವನ್ನು ಪಿಕ್ಕರ್‌ನಿಂದ ಓದಿ. ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆ ಬೇರೆ. ನಿಮ್ಮ ಡ್ರಮ್ಮಿನ ಕಪ್ಪನ್ನು ಅಲ್ಲಿಗೆ ಏರಿಸಿ. ಆಮೇಲೆ ಗಾಮಾ ಏರಿಸಿ, ಇಳಿಸಿ ನೋಡಿ. ಎರಡು ಡ್ರಮ್ಮೂ ಒಟ್ಟಿಗೇ ಬೆಳಗಬೇಕು, ಒಟ್ಟಿಗೇ ಮುಳುಗಬೇಕು.

ನೆರಳಿನಲ್ಲಿ ಎರಡು ಕಡೆ ನೋಡಬೇಕು. ಡ್ರಮ್ ನೆಲಕ್ಕೆ ತಾಗುವ ಕಡೆ ಒಂದು ತೆಳ್ಳಗಿನ ಗಾಢ ಗೆರೆ ಇರುತ್ತೆ. ಅದು ಇಲ್ಲದಿದ್ದರೆ ಡ್ರಮ್ ತೇಲುತ್ತೆ, ಬೇರೆ ಎಲ್ಲ ಸರಿಯಿದ್ದರೂ. ಇನ್ನೊಂದು, ನಿಮ್ಮ ಡ್ರಮ್ಮಿನ ನೆರಳು ಶೆಡ್ಡಿನ ಮಾಡಿನ ನೆರಳಿನೊಳಗೆ ಹೋದರೆ ಏನಾಗಬೇಕು? ಏನೂ ಆಗಬಾರದು. ಅಲ್ಲಿ ಬಿಸಿಲೇ ಇಲ್ಲ, ತಡೆಯೋದಕ್ಕೆ ಏನಿದೆ? ಆದರೆ ಕಂಪ್ಯೂಟರ್ ಅದನ್ನೂ ಇನ್ನಷ್ಟು ಕಪ್ಪು ಮಾಡುತ್ತೆ. ಆ ಭಾಗಕ್ಕೆ ಒಂದು ಮಾಸ್ಕ್ ಎಳೆದು ಬಿಸಿಲಿನ ನೆರಳನ್ನು ತೆಗೆಯಿರಿ, ಬುಡದ ಗೆರೆ ಮಾತ್ರ ಬಿಡಿ. ಹೊಸಬರ ರೀಲ್‌ಗಳಲ್ಲಿ ನಾನು ಜಾಸ್ತಿ ಕಾಣುವ ತಪ್ಪು ಈ ನೆರಳಿನ ಮೇಲಿನ ನೆರಳೇ.

ಅಂಚನ್ನು ಅರ್ಧ ಪಿಕ್ಸೆಲ್, ಹೆಚ್ಚೆಂದರೆ ಒಂದು ಪಿಕ್ಸೆಲ್ ಮೆತ್ತಗೆ ಮಾಡಿ, ಪಕ್ಕದ ಡ್ರಮ್ಮಿಗೆ ಹೋಲಿಸುತ್ತಾ. ಮೋಷನ್ ಬ್ಲರ್ ಬೇಕಾ ಬೇಡವಾ ಅಂತ ನಿಮ್ಮ ಪ್ಲೇಟೇ, ಅಂದರೆ ನೀವು ಶೂಟ್ ಮಾಡಿದ ವಿಡಿಯೋನೇ, ಹೇಳುತ್ತೆ. ಜೋರು ಬಿಸಿಲಲ್ಲಿ ಫೋನಿನ ಶಟರ್ ತುಂಬಾ ಬೇಗ ಮುಚ್ಚುತ್ತೆ, ನಡೆಯುವವರ ಕಾಲು ಸಹ ಚೂಪಾಗಿ ನಿಂತಿರುತ್ತೆ. ಹಾಗಿದ್ದರೆ ಸಿಜಿಗೂ ಬ್ಲರ್ ಬೇಡ.

ಸಾಧ್ಯವಾದರೆ ಶಾಟ್ ನಡುವೆ ಪರಿಚಯದ ಒಬ್ಬರನ್ನು ಡ್ರಮ್ ಬರಬೇಕಾದ ಜಾಗದ ಮುಂದಿನಿಂದ ಬುಟ್ಟಿ ಹಿಡಿದು ನಡೆಸಿ. ಆಗ ಅವರನ್ನು ರೋಟೋ ಮಾಡಿ ಡ್ರಮ್ಮಿನ ಮುಂದೆ ತರಲೇಬೇಕು. ಇಡೀ ಮನುಷ್ಯನಿಗೆ ಒಂದೇ ಆಕಾರ ಎಳೆಯಬೇಡಿ. ತಲೆ, ಮೈ, ಮೇಲ್ತೋಳು, ಮುಂಗೈ, ತೊಡೆ, ಮೊಣಕಾಲ ಕೆಳಗೆ, ಬುಟ್ಟಿ, ಎಲ್ಲ ಬೇರೆ ಬೇರೆ. ಪ್ರತಿ ಫ್ರೇಮಿಗೂ ಕೀ ಹಾಕಿದರೆ, ಅಂದರೆ ಆಕಾರವನ್ನು ಕೈಯಿಂದಲೇ ಕೂರಿಸಿದರೆ, ಅಂಚು ಕುದಿಯುವ ನೀರಿನ ಹಾಗೆ ನಡುಗುತ್ತೆ. ಕಾಲು ಮುಂದೆ ಚಾಚಿ ನಿಂತ ಫ್ರೇಮ್, ನೆಲ ಬಿಟ್ಟ ಫ್ರೇಮ್, ಹೀಗೆ ಚಲನೆ ತಿರುಗುವ ಕಡೆ ಕೀ ಹಾಕಿ. ನಡುವಿನದ್ದನ್ನು ಬೇಕಾದಷ್ಟೇ ತಿದ್ದಿ.

ಈ ಒಂದು ಶಾಟಿಗೆ ಕಾಲೇಜು ನೋಡಿಕೊಂಡು ಐದಾರು ವಾರ ಹಿಡಿಯಬಹುದು. ಹಿಡಿಯಲಿ. ಎರಡನೇ ಶಾಟಿಗೆ ಇದರ ಉಲ್ಟಾ ಕೆಲಸ ಮಾಡಿ. ನಿಮ್ಮ ಬೀದಿಯ ಒಂದು ಹಂಚಿನ ಮನೆ ಶೂಟ್ ಮಾಡಿ, ಅದರ ಮುಂದೆ ಹಾದುಹೋಗುವ ಕರೆಂಟ್ ತಂತಿಗಳನ್ನೆಲ್ಲ ಅಳಿಸಿ. ಆಕಾಶದ ಮೇಲಿನ ತಂತಿ ಯಾರಾದರೂ ಅಳಿಸಬಹುದು. ಹಂಚಿನ ಸಾಲಿನ ಮೇಲಿಂದ ಅಳಿಸಿದಾಗ ಹಂಚು ಒಂದೂ ಕದಲಬಾರದು, ಅಲ್ಲಿ ನಿಮ್ಮ ಪ್ರೆಪ್ ಕೈ ಗೊತ್ತಾಗುತ್ತೆ. ಮೂರನೇ ಶಾಟ್ ಇದ್ದರೆ ಸರಿ, ಇಲ್ಲದಿದ್ದರೂ ಸರಿ.

ರೀಲ್ ಜೋಡಿಸೋದು ಹೀಗೆ. ಮೂರು ಸೆಕೆಂಡ್ ನಿಮ್ಮ ಹೆಸರು, ಕೇಳುವ ಕೆಲಸ, ಇಮೇಲ್. ಕೂಡಲೇ ಮುಗಿದ ಡ್ರಮ್ ಶಾಟ್, ಆರು ಸೆಕೆಂಡ್, ಮೇಲೆ ಏನೂ ಬರೆಯದೆ. ಆಮೇಲೆ ಅದರ ಬ್ರೇಕ್‌ಡೌನ್: ಬರೀ ಪ್ಲೇಟ್, ಟ್ರ್ಯಾಕ್ ಬಿಂದುಗಳು, ನೆಲದ ಮೇಲಿನ ಶಂಕುಗಳು, ಬೂದು ಬಣ್ಣದ ಡ್ರಮ್, ನೆರಳು ಮಾತ್ರ, ರೋಟೋ, ಮತ್ತೆ ಪೂರ್ತಿ ಶಾಟ್. ಪ್ರತಿ ಹಂತವೂ ಒಂದು ಓಟ ನೋಡುವಷ್ಟು ನಿಲ್ಲಲಿ. ಒಂದು ಸೆಕೆಂಡಿಗೆ ಹಾರಿಸಿದರೆ ಏನೋ ಮುಚ್ಚಿಡ್ತಿದ್ದೀರಿ ಅನ್ನಿಸುತ್ತೆ. ಎರಡು ಶಾಟಿಗೆ ಇಡೀ ರೀಲ್ ಒಂದು ನಿಮಿಷದ ಹತ್ತಿರ ಬರುತ್ತೆ, ಅಷ್ಟು ಸಾಕು. ಲೋಗೋ, ಡೋನಟ್, ಕಾರು ಎಲ್ಲ ಹೊರಗೆ. ನಡೆಯುವ ಹುಡುಗನೂ ಹೊರಗೆ, ಅವನ ಮೇಲೆ ನೀವು ಪಟ್ಟ ಕಷ್ಟ ಕಾಣುತ್ತೆ ಆದರೂ. ಹಾಡು ಹಾಕಿದರೂ ನೋಡುವವರು ಸೌಂಡ್ ಆಫ್ ಮಾಡಿರ್ತಾರೆ. ಶಾಟಿನ ಮೂಲೆಯಲ್ಲಿ ನೀವು ಮಾಡಿದ್ದೇನು ಅಂತ ಚಿಕ್ಕದಾಗಿ ಬರೆಯಿರಿ. ಡ್ರಮ್ಮಿನ ಮಾಡೆಲ್ ಡೌನ್‌ಲೋಡ್ ಮಾಡಿದ್ದಾದರೆ ಅದನ್ನೂ ಬರೆಯಿರಿ. ಮ್ಯಾಚ್‌ಮೂವ್ ಕೆಲಸಕ್ಕೆ ಅದು ಕೊರತೆ ಅಲ್ಲ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಮಾತ್ರ ಮುಗಿಯಿತು.

ಕೋರ್ಸಿನ ವಿಷಯ. ಸಾಲ ಮಾಡುವ ಮೊದಲು ಆ ಸಂಸ್ಥೆಯ ಕಳೆದ ಬ್ಯಾಚಿನ ಐದು ವಿದ್ಯಾರ್ಥಿಗಳ ರೀಲ್ ಕೇಳಿ. ಐದರಲ್ಲೂ ಅದೇ ರಸ್ತೆ, ಅದೇ ಹೆಲಿಕಾಪ್ಟರ್ ಇದ್ದರೆ ಸಂಸ್ಥೆಯೇ ಕೊಟ್ಟ ಫುಟೇಜ್ ಅದು. ಲೀಡ್‌ಗಳು ಅಂಥ ಪ್ಲೇಟನ್ನು ಮೊದಲ ಸೆಕೆಂಡಿಗೇ ಗುರುತಿಸುತ್ತಾರೆ. ವಿದ್ಯಾರ್ಥಿಗಳು ತಾವೇ ಶೂಟ್ ಮಾಡಿದ್ದರೆ, ಮೇಷ್ಟ್ರು ವಾರಕ್ಕೊಮ್ಮೆಯಾದರೂ ಕೂತು ಒಬ್ಬೊಬ್ಬರ ಶಾಟಿಗೂ ತಪ್ಪು ತೋರಿಸುತ್ತಾರೆ ಅಂತಾದರೆ, ಆಗ ದುಡ್ಡಿಗೆ ಅರ್ಥ ಇದೆ. ಸಾಫ್ಟ್‌ವೇರ್ ಕಲಿಯೋದಕ್ಕೆ ಅಂತ ಮಾತ್ರ ಆದರೆ ಬೇಡ. ಬ್ಲೆಂಡರ್ ನಿಮಗೆ ಬರುತ್ತೆ. ಸ್ಟುಡಿಯೋಗಳು ಕಾಂಪ್‌ಗೆ ಬಳಸುವ ನ್ಯೂಕ್ ಕೂಡ ಕಲಿಯುವವರಿಗೆ ಪುಕ್ಕಟೆ ಆವೃತ್ತಿ ಕೊಡುತ್ತೆ, 1920×1080 ಮೀರಿದ ಚಿತ್ರ ಅದರಿಂದ ಹೊರಗೆ ಬರೋದಿಲ್ಲ ಅಷ್ಟೇ. ರೀಲಿಗೆ ಅದಕ್ಕಿಂತ ದೊಡ್ಡದು ಬೇಕಾಗಿಯೂ ಇಲ್ಲ. ಅಪ್ಪನಿಗೆ ಆರು ತಿಂಗಳು ಕಾಯೋಣ ಅಂತ ಹೇಳಿ. ಡ್ರಮ್ ಶಾಟ್ ಮುಗಿದಾಗ ನಿಮಗೆ ಯಾವ ಪಾಠ ಬೇಕು ಅಂತ ನಿಮಗೇ ಗೊತ್ತಾಗಿರುತ್ತೆ.

ಇನ್ನೊಂದು ಮಾತು, ಶೂಟ್ ಯಾವಾಗ ಅಂತ. ಜೂನ್ 1ರಿಂದ ಜುಲೈ ಕೊನೇವರೆಗೆ ಮೀನುಗಾರಿಕೆಗೆ ರಜೆ. ಬೋಟೆಲ್ಲ ದಡದಲ್ಲೇ ಒತ್ತೊತ್ತಾಗಿ ನಿಂತಿರುತ್ತೆ, ದಕ್ಕೆ ಖಾಲಿ ಇರುತ್ತೆ. ಶೂಟ್ ಮಾಡಲು ಸುಲಭ ಅನ್ನಿಸುತ್ತೆ. ಆದರೆ ಮೋಡದ ಬೆಳಕಿನಲ್ಲಿ ಗೆರೆ ಹಾಕಿದಂಥ ನೆರಳು ಬೀಳೋದಿಲ್ಲ, ಸೂರ್ಯನ ಕೋನ ಅಳೆಯೋದಕ್ಕೆ ಏನೂ ಸಿಗೋದಿಲ್ಲ. ಒದ್ದೆ ನೆಲದಲ್ಲಿ ಡ್ರಮ್ಮಿನ ಪ್ರತಿಬಿಂಬ ಬೇರೆ ಮಾಡಬೇಕಾಗುತ್ತೆ. ಮೊದಲ ಶಾಟ್ ಬಿಸಿಲಲ್ಲೇ ಮಾಡಿ, ಮಧ್ಯಾಹ್ನ ನಾಲ್ಕರ ಹೊತ್ತಿಗೆ. ಮಳೆಯ ಪ್ಲೇಟ್ ಎರಡನೇ ವರ್ಷಕ್ಕಿರಲಿ. ಶಂಕು ಇಟ್ಟ ಟೆಸ್ಟ್ ಮುಗಿದ ಕೂಡಲೇ ನನಗೊಂದು ಲಿಂಕ್ ಕಳಿಸಿ. ರೆಂಡರ್ ಮಾಡುವ ಮೊದಲು ಬುಡ ಸರಿಯುತ್ತಾ ಅಂತ ಒಟ್ಟಿಗೆ ನೋಡೋಣ.